ಪಹಣಿಯಲ್ಲಿ ಯಾರ ಹೆಸರಿದೆ, ಮೊದಲು ನೋಡಿ

ಹೊಲ ಕೊಳ್ಳುವಾಗ ನೋಡಬೇಕಾದದ್ದು ಆರ್‌ಟಿಸಿ, ಅಂದರೆ ನಮ್ಮ ಪಹಣಿ. ಸರ್ವೆ ನಂಬರ್ ಹಾಕಿದರೆ ಭೂಮಿ ವೆಬ್‌ಸೈಟಿನಲ್ಲೇ ಸಿಗುತ್ತದೆ. 9ನೇ ಕಾಲಂನಲ್ಲಿ ಮಾಲೀಕರ ಹೆಸರು, 11ರಲ್ಲಿ ಸಾಲ, ಋಣ. ಮಾರುವವರು ಮಗ, 9ರಲ್ಲಿ ಇರುವುದು ತೀರಿಹೋದ ಅಪ್ಪನ ಹೆಸರು ಅಂದುಕೊಳ್ಳಿ. ಆಗ ಅಡ್ವಾನ್ಸ್ ಕೊಡಬೇಡಿ. ಮೊದಲು ಪೌತಿ ಖಾತೆ ಆಗಲಿ, ಅಂದರೆ ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಪಹಣಿ ಬದಲಾಗಲಿ. ಉಳಿದ ವಾರಸುದಾರರು ಯಾರು ಅನ್ನುವುದೂ ಆಗಲೇ ಹೊರಬರುತ್ತದೆ.

ಹೀಗೆ ಹೆಸರು ಬದಲಾಗುವುದೇ ಮ್ಯುಟೇಶನ್. ಅದರ ಎಂ.ಆರ್. ನಂಬರ್ 10ನೇ ಕಾಲಂನಲ್ಲಿ ಬರುತ್ತದೆ. ನೋಂದಣಿ ಆದಮೇಲೆ ನಿಮ್ಮ ಹೆಸರಿಗೂ ಇದೇ ಆಗಬೇಕು, ಸುಮ್ನೆ ಕೂರಬೇಡಿ.

ಸೈಟು, ಮನೆಗಾದರೆ ಖಾತಾ ಕೇಳಿ. ಅದು ಪಂಚಾಯಿತಿಯೋ ನಗರಸಭೆಯೋ ತೆರಿಗೆಗಾಗಿ ಇಡುವ ಲೆಕ್ಕ. ಖಾತಾ ಒಂದೇ ಇದ್ದರೆ ಮಾಲೀಕತ್ವ ಸಾಬೀತಾಗುವುದಿಲ್ಲ, ಕ್ರಯಪತ್ರವೂ ಬೇಕು.