ಹಳಹಳಿ, ಹವ್ಯಾಸ, ಗೊಣಗಾಟ: ನಿಮ್ಮಿಂದಲೇ ಆಗಬೇಕಾದ ಉದ್ಯಮವನ್ನು ಹುಡುಕುವುದು ಹೇಗೆ?

ಸ್ವಂತದ್ದೊಂದು ಉದ್ಯಮ ಮಾಡಬೇಕೆಂದು ಹೊರಟವರಲ್ಲಿ ಹೆಚ್ಚಿನವರು ಮೊದಲು ನೋಡುವುದು ಪಕ್ಕದ ಬೀದಿಯನ್ನು. ಅಲ್ಲಿ ಎಣ್ಣೆ ಗಾಣ ಚೆನ್ನಾಗಿ ನಡೆಯುತ್ತಿದ್ದರೆ ತಾವೂ ಗಾಣ ಹಾಕುತ್ತಾರೆ, ಸಿರಿಧಾನ್ಯದ ಹಿಟ್ಟು ಖರ್ಚಾಗುತ್ತಿದ್ದರೆ ತಾವೂ ಪೊಟ್ಟಣ ಕಟ್ಟುತ್ತಾರೆ. ಒಂದೇ ಬಡಾವಣೆಗೆ ನಾಲ್ಕನೆಯ ಗಾಣ ಬಂದ ಮೇಲೆ ಬೆಲೆ ಇಳಿಸುವುದೊಂದೇ ದಾರಿ ಉಳಿಯುತ್ತದೆ; ಸಾಲ ಮಾಡಿ ತಂದ ಯಂತ್ರವನ್ನು ಅರ್ಧ ಬೆಲೆಗೆ ಕೊಟ್ಟು ಕೈತೊಳೆದುಕೊಂಡವರನ್ನು ನಾನು ಹಲವು ಸಲ ನೋಡಿದ್ದೇನೆ. ಇನ್ನು ಕೆಲವರು ತಮ್ಮೊಳಗೇ ಹುಡುಕಲು ಕುಳಿತು, ‘ಸಂಗೀತ ಇಷ್ಟ, ಅಡುಗೆ ಇಷ್ಟ, ತಿರುಗಾಟ ಇಷ್ಟ’ ಎಂದು ಬರೆದು ಅಲ್ಲಿಗೇ ನಿಲ್ಲಿಸುತ್ತಾರೆ. ಇಷ್ಟಗಳ ಪಟ್ಟಿ ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಅದರಿಂದ ಹುಟ್ಟುವ ಯೋಚನೆಯೂ ಎಲ್ಲರದೂ ಆಗಿರುತ್ತದೆ. ನಿಮಗೇ ಮೀಸಲಾದ ಯೋಚನೆ ಬೇಕಿದ್ದರೆ ಮೂರು ಕಡೆ ಅಗೆಯಬೇಕು: ಮಾಡದೆ ಬಿಟ್ಟೆನಲ್ಲ ಎಂಬ ಹಳಹಳಿ, ಕೈಗೆ ಹತ್ತಿದ ಹವ್ಯಾಸ, ಸುತ್ತಲಿನವರು ಮತ್ತೆ ಮತ್ತೆ ಆಡುವ ಗೊಣಗಾಟ.

ಹಂತ 1: ಪುಸ್ತಕ

ಇನ್ನೂರು ಪುಟದ, ಗೆರೆ ಹಾಕಿದ ನೋಟ್‌ಬುಕ್ಕೊಂದನ್ನು ಕೊಂಡು ಅದನ್ನು ಮೂರು ಭಾಗ ಮಾಡಿಕೊಳ್ಳಿ. ಮೊಬೈಲಿನಲ್ಲಿ ಬರೆಯಬೇಡಿ, ಅಲ್ಲಿ ಬರೆದದ್ದನ್ನು ಯಾರೂ ತಿರುಗಿ ಓದುವುದಿಲ್ಲ.

ಹಂತ 2: ಗೊಣಗಾಟವನ್ನು ಬರೆದುಕೊಳ್ಳುವುದು

ಎಲ್ಲರೂ ಎಡವುವುದು ಇಲ್ಲಿಯೇ. ‘ರಿಪೇರಿಯವರು ಹೇಳಿದ ಸಮಯಕ್ಕೆ ಬರುವುದಿಲ್ಲ’, ‘ಒಳ್ಳೆಯ ಟೈಲರ್ ಸಿಗುವುದಿಲ್ಲ’ ಎಂದು ಸಾರಾಂಶ ಬರೆದರೆ ಅದರಿಂದ ಏನೂ ಹೊರಡುವುದಿಲ್ಲ, ಏಕೆಂದರೆ ಅದು ಅಭಿಪ್ರಾಯ. ನಿಮಗೆ ಬೇಕಾದದ್ದು ನಡೆದ ಸಂಗತಿ. ಎರಡು ತಿಂಗಳ ಕಾಲ, ಕಿವಿಗೆ ಬಿದ್ದ ಪ್ರತಿ ದೂರನ್ನೂ ಆಡಿದವರ ಮಾತಿನಲ್ಲೇ ಬರೆದುಕೊಳ್ಳಿ. ಅದರ ಪಕ್ಕದಲ್ಲಿ ಯಾರು, ಯಾವಾಗ, ಎಲ್ಲಿ ಎಂಬುದಿರಲಿ. ಕೊನೆಯ ಅಂಕಣದಲ್ಲಿ, ಆ ತೊಂದರೆ ಬಂದಾಗ ಅವರು ಬದಲಿಗೆ ಏನು ಮಾಡಿದರು, ಅದಕ್ಕೆ ಎಷ್ಟು ಹಣ ಅಥವಾ ಎಷ್ಟು ಹೊತ್ತು ಖರ್ಚಾಯಿತು ಎಂಬುದನ್ನು ಕೇಳಿ ಬರೆಯಿರಿ.

ಈ ಕೊನೆಯ ಅಂಕಣವೇ ಮುಖ್ಯ. ಗೊಣಗಿಕೊಂಡು ಸುಮ್ಮನಾದವರು ನಾಳೆ ನೀವು ಪರಿಹಾರ ತಂದರೂ ಸುಮ್ಮನೇ ಇರುತ್ತಾರೆ. ಗೊಣಗಿದ ಮೇಲೆ ಎದ್ದು ಹೋಗಿ ಹಣ ಕೊಟ್ಟು ಅರೆಬರೆ ಪರಿಹಾರವನ್ನಾದರೂ ತಂದುಕೊಂಡವರು ನಿಮ್ಮ ಗಿರಾಕಿಗಳು.

ಧಾರವಾಡದ ಪರಿಚಿತರೊಬ್ಬರು ಇಟ್ಟ ಇಂಥ ಪುಸ್ತಕವನ್ನು ನಾನು ಪೂರ್ತಿ ಓದಿದ್ದೇನೆ. ಅವರು ಕಾರ್ಖಾನೆಯಲ್ಲಿ ಅಳತೆಯ ಉಪಕರಣಗಳನ್ನು ದುರಸ್ತಿ ಮಾಡುತ್ತಿದ್ದವರು. ವಾರಕ್ಕೊಮ್ಮೆ ಭಜನಾ ಮಂಡಳಿಗೆ ಹೋಗುವ ರೂಢಿಯಿತ್ತು. ಅಲ್ಲಿ ಹಾರ್ಮೋನಿಯಂಗೆ ಪೇಟಿ ಎನ್ನುತ್ತಾರೆ. ‘ಪೇಟಿ ರಿಪೇರಿಗೆ ಕೊಟ್ಟೇವಿ, ಶ್ರಾವಣ ಮುಗದ್ರೂ ಬಂದಿಲ್ರಿ’ ಎಂಬ ಮಾತು ಅವರ ಪುಸ್ತಕದಲ್ಲಿ ಸ್ವಲ್ಪ ಸ್ವಲ್ಪ ಬದಲಾಗಿ ಹಲವು ಬಾಯಿಗಳಿಂದ ಬಂದಿತ್ತು. ಮೊದಲ ಓದಿಗೆ, ಊರಿಗೆ ಇನ್ನೊಂದು ರಿಪೇರಿ ಅಂಗಡಿ ಬೇಕು ಎಂದೇ ಅನ್ನಿಸುತ್ತದೆ. ಆದರೆ ಕೊನೆಯ ಅಂಕಣ ಬೇರೆಯದನ್ನು ಹೇಳುತ್ತಿತ್ತು. ಒಂದು ಮಂಡಳಿಯವರು ಪಕ್ಕದ ಹಳ್ಳಿಯ ಗುಡಿಯಿಂದ ಪೇಟಿಯನ್ನು ಎರವಲು ತಂದಿದ್ದರು, ಇನ್ನೊಬ್ಬರು ದಿನದ ಬಾಡಿಗೆಗೆ ತಂದಿದ್ದರು, ಮತ್ತೊಂದು ಮಂಡಳಿಯವರು ಪಟ್ಟಿ ಎತ್ತಿ ಎರಡನೆಯ ಪೇಟಿಯನ್ನೇ ಕೊಂಡಿದ್ದರು. ರಿಪೇರಿ ಸರಿಯಾಗಲಿಲ್ಲವೆಂದು ಹಣ ಕಳೆದವರು ಯಾರೂ ಇರಲಿಲ್ಲ. ಎಲ್ಲರೂ ಹಣ ಕಳೆದದ್ದು ಹಬ್ಬದ ದಿನಗಳಲ್ಲಿ ಪೇಟಿ ಕೈಯಲ್ಲಿರಲಿಲ್ಲ ಎಂಬ ಕಾರಣಕ್ಕೆ.

ದೂರು ಎಲ್ಲಿ ಕೇಳಿಸಿತೋ ಅಲ್ಲೇ ನಿಲ್ಲದೆ ಅದರ ಹಿಂದಕ್ಕೂ ಹೋಗಬೇಕು. 2005ರ ದೀಪಾವಳಿಗೆ ಬೆಂಗಳೂರಿನಿಂದ ಹೈದರಾಬಾದಿಗೆ ಬಸ್ ಟಿಕೆಟ್ ಸಿಗದೆ ಹೋದವರು ಸಾವಿರಾರು ಮಂದಿ ಇದ್ದಿರಬೇಕು. ಅವರಲ್ಲಿ ಒಬ್ಬರಾದ ಫಣೀಂದ್ರ ಸಾಮ ಅವರು ಟ್ರಾವೆಲ್ ಏಜೆಂಟರನ್ನೂ ಬಸ್ ಮಾಲೀಕರನ್ನೂ ಕಂಡು, ಸೀಟು ಮಾರುವ ವ್ಯವಹಾರ ಹೇಗೆ ನಡೆಯುತ್ತದೆಂದು ಕೇಳಿ ತಿಳಿದರು. ಯಾವ ಬಸ್ಸಿನಲ್ಲಿ ಎಷ್ಟು ಸೀಟು ಖಾಲಿ ಇದೆಯೆಂದು ಒಂದೇ ಕಡೆ ಕಾಣುವ ವ್ಯವಸ್ಥೆ ಇಲ್ಲದಿರುವುದೇ ಮೂಲ ಕಾರಣವೆಂದು ಗೊತ್ತಾದ ಮೇಲೆ, 2006ರಲ್ಲಿ ರೆಡ್‌ಬಸ್ ಶುರುವಾಯಿತು. ಧಾರವಾಡದ ನಮ್ಮವರೂ ರಿಪೇರಿಯವರ ಬಳಿ ಹೋಗಿ ಕೂತರು. ಶ್ರಾವಣ, ಗಣೇಶನ ಹಬ್ಬ, ನವರಾತ್ರಿ ಒಂದರ ಹಿಂದೆ ಒಂದು ಬರುವುದರಿಂದ ಎಲ್ಲರೂ ಆಷಾಢದ ಕೊನೆಗೆ ಒಟ್ಟಿಗೇ ಪೇಟಿ ತಂದು ಸುರಿಯುತ್ತಾರೆ. ಅದು ಮಳೆಗಾಲವೂ ಹೌದು. ಮರ ಉಬ್ಬಿ ಒತ್ತಿದ ಕೀ ಮೇಲೇಳದಿರುವುದು, ತಿದಿಯ ಚರ್ಮಕ್ಕೆ ಬೂಷ್ಟು ಹಿಡಿಯುವುದು, ಸ್ಪ್ರಿಂಗ್ ತುಕ್ಕು ಹಿಡಿಯುವುದು ಆಗಲೇ.

ಹಂತ 3: ಹಳಹಳಿಯನ್ನು ಸೋಸುವುದು

‘ಹೀಗೆ ಮಾಡಬೇಕಿತ್ತು’ ಎಂದು ಅನ್ನಿಸುವುದನ್ನೆಲ್ಲ ಬರೆಯಿರಿ, ಒಂದು ವಾರ ಬಿಟ್ಟು ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳಿ: ಅದನ್ನು ಮಾಡಿದ್ದರೆ ಇವತ್ತು, ಏನೂ ವಿಶೇಷವಿಲ್ಲದ ಮಂಗಳವಾರದ ಬೆಳಿಗ್ಗೆ ಹತ್ತು ಗಂಟೆಗೆ, ನನ್ನ ಕೈಯಲ್ಲಿ ಯಾವ ಕೆಲಸ ಇರುತ್ತಿತ್ತು? ಉತ್ತರವಾಗಿ ಕುರ್ಚಿ, ಕಾರು, ಜನರ ಗೌರವ ಕಣ್ಣಿಗೆ ಬಂದರೆ ಆ ಹಳಹಳಿ ಸ್ಥಾನಮಾನದ್ದು, ಅದನ್ನು ಹೊಡೆದುಹಾಕಿ. ಕೆಲಸ ಕಣ್ಣಿಗೆ ಬಂದರೆ ಉಳಿಸಿಕೊಳ್ಳಿ. ಐಎಎಸ್ ಬರೆಯಬೇಕಿತ್ತು ಎಂಬ ಹಳಹಳಿ ಹೆಚ್ಚಾಗಿ ಮೊದಲನೆಯ ಜಾತಿಯದು.

ಧಾರವಾಡದವರ ಹಳಹಳಿ ಹಿಂದುಸ್ತಾನಿ ಗಾಯನದ ಪಾಠವನ್ನು ನೌಕರಿಗಾಗಿ ಬಿಟ್ಟದ್ದು. ವೇದಿಕೆ, ಹಾರ, ಶಾಲು ಎಲ್ಲವನ್ನೂ ತೆಗೆದುಹಾಕಿ ನೋಡಿದಾಗ ಅವರಿಗೆ ಉಳಿದದ್ದು, ದಿನವೂ ಸ್ವರದ ನಡುವೆ ಕೂತು ಇದು ಸರಿಯಿದೆ, ಇದು ಕೂದಲೆಳೆಯಷ್ಟು ಇಳಿದಿದೆ ಎಂದು ಕಿವಿಗೊಟ್ಟು ಕೇಳುವ ಆಸೆ. ಹಾಡುಗಾರರಾಗುವ ವಯಸ್ಸು ಕಳೆದಿದ್ದರೂ ಈ ಆಸೆಗೆ ವಯಸ್ಸು ಅಡ್ಡ ಬರುವುದಿಲ್ಲ. ಹಳಹಳಿಯಿಂದ ಪಡೆಯಬೇಕಾದದ್ದು ಇಷ್ಟೇ: ಲಾಭ ಬರದ ಮೊದಲ ವರ್ಷದಲ್ಲೂ ಬೇಸರವಾಗದ ಕೆಲಸ ಯಾವುದು ಎಂಬ ಉತ್ತರ.

ಹಂತ 4: ಹವ್ಯಾಸ

ಇಲ್ಲಿ ಇಷ್ಟವನ್ನು ಬರೆಯಬೇಡಿ. ನೀವು ಸ್ವಂತ ಹಣದಲ್ಲಿ ಕೊಂಡ ಸಾಧನಗಳನ್ನೂ, ಯಾವ ಕೆಲಸಕ್ಕೆ ಜನ ನಿಮ್ಮನ್ನೇ ಹುಡುಕಿಕೊಂಡು ಬರುತ್ತಾರೆ ಎಂಬುದನ್ನೂ ಬರೆಯಿರಿ. ನಮ್ಮವರ ಪಟ್ಟಿಯಲ್ಲಿ ಸಣ್ಣ ಅರಗಳು, ಶ್ರುತಿ ನೋಡುವ ಉಪಕರಣ, ಹಳೆಯ ಪೇಟಿಗಳಿಂದ ಬಿಚ್ಚಿಟ್ಟ ಹಿತ್ತಾಳೆಯ ರೀಡುಗಳು ಇದ್ದವು. ರೀಡಿನ ತುದಿಯನ್ನು ತುಸು ಕೆರೆದರೆ ಸ್ವರ ಏರುತ್ತದೆ, ಬುಡದ ಹತ್ತಿರ ಕೆರೆದರೆ ಇಳಿಯುತ್ತದೆ. ಹೆಚ್ಚು ಕೆರೆದರೆ ರೀಡು ಸೀಳಿಹೋಗುತ್ತದೆ. ಎಷ್ಟಕ್ಕೆ ನಿಲ್ಲಿಸಬೇಕೆಂದು ಕೈಗೆ ತಿಳಿಯಲು ವರ್ಷಗಳು ಬೇಕು. ಅದನ್ನು ಅವರು ಭಾನುವಾರಗಳಲ್ಲಿ, ನೆಂಟರ ಮನೆಯ ಪೇಟಿಗಳ ಮೇಲೆ ಕಲಿತಿದ್ದರು.

ಹಂತ 5: ಮೂರನ್ನೂ ಕೂಡಿಸುವುದು

ಒಂದು ಹಾಳೆಯ ಮೇಲೆ, ಹಣ ಖರ್ಚಾದ ದೂರುಗಳನ್ನು ಎಡಕ್ಕೆ, ಉಳಿದ ಹಳಹಳಿ ಮತ್ತು ಕೈಗೆಲಸಗಳನ್ನು ಬಲಕ್ಕೆ ಬರೆದು, ಎಡಬಲಗಳನ್ನು ಜೋಡಿಸುತ್ತ ಪೂರ್ಣ ವಾಕ್ಯಗಳನ್ನು ರಚಿಸಿ. ವಾಕ್ಯದಲ್ಲಿ ಯಾರಿಗೆ, ಯಾವ ದಿನಗಳಲ್ಲಿ, ಎಲ್ಲಿ, ಏನು ಎಂಬ ನಾಲ್ಕೂ ಇರಲೇಬೇಕು. ‘ಹಾರ್ಮೋನಿಯಂ ರಿಪೇರಿ ಸೇವೆ’ ಎಂದು ಬರೆದರೆ ಕೆಲಸ ಮುಗಿದಿಲ್ಲವೆಂದೇ ಅರ್ಥ. ನಮ್ಮವರ ವಾಕ್ಯ ಹೀಗಿತ್ತು: ‘ಹುಬ್ಬಳ್ಳಿ, ಧಾರವಾಡ ಮತ್ತು ಸುತ್ತಲಿನ ಹಳ್ಳಿಗಳ ಭಜನಾ ಮಂಡಳಿಗಳ ಪೇಟಿಗಳನ್ನು, ಶ್ರಾವಣಕ್ಕೆ ಮೊದಲೇ, ಅವರ ಗುಡಿಗೇ ಹೋಗಿ, ಅರ್ಧ ದಿನದಲ್ಲಿ ಸ್ವಚ್ಛ ಮಾಡಿ ಶ್ರುತಿಗೆ ತಂದುಕೊಡುವುದು, ತಿದಿ ಬದಲಿಸುವಂಥ ದೊಡ್ಡ ಕೆಲಸವಿದ್ದರೆ ಮನೆಗೆ ಒಯ್ದು, ಅಲ್ಲಿಯವರೆಗೆ ನನ್ನ ಪೇಟಿಯನ್ನು ಅವರಿಗೆ ಬಿಟ್ಟುಬರುವುದು.’ ಕೊನೆಯ ಮಾತನ್ನು ಗಮನಿಸಿ. ದೂರಿನ ಕೊನೆಯ ಅಂಕಣ ಓದದಿದ್ದರೆ ಪೇಟಿ ಬಿಟ್ಟುಬರುವ ಯೋಚನೆ ಹುಟ್ಟುತ್ತಲೇ ಇರಲಿಲ್ಲ.

ಈಗ ವಾಕ್ಯವನ್ನು ಪರೀಕ್ಷಿಸಿ. ಹಣವಿರುವ ಬುದ್ಧಿವಂತರೊಬ್ಬರು ಇದನ್ನು ಕೇಳಿ ಮುಂದಿನ ತಿಂಗಳೇ ಶುರುಮಾಡಬಲ್ಲರೇ? ಮಾಡಬಲ್ಲರಾದರೆ ಅದು ನಿಮ್ಮದಲ್ಲ. ಜಗತ್ತಿನಲ್ಲಿ ಒಬ್ಬರಿಗೇ ಸಾಧ್ಯವಾಗುವ ಉದ್ಯಮ ಇಲ್ಲ ಎಂಬುದು ನಿಜ. ಆದರೆ ಇನ್ನೊಬ್ಬರು ನಿಮ್ಮ ಜಾಗಕ್ಕೆ ಬರಲು ಕಿವಿ, ಕೈ ಮತ್ತು ಪರಿಚಯ ಮೂರನ್ನೂ ಹೊಸದಾಗಿ ಸಂಪಾದಿಸಬೇಕಾಗಿದ್ದರೆ ನಿಮಗೆ ಕೆಲವು ವರ್ಷಗಳ ಮುನ್ನಡೆ ಇದೆ. ಮೂರರಲ್ಲಿ ಒಂದು ಕಳಚಿದರೂ ವಾಕ್ಯ ಹಾಗೆಯೇ ನಿಲ್ಲುತ್ತದೆಂದಾದರೆ, ಆ ಒಂದು ಅಲ್ಲಿ ಸುಮ್ಮನೆ ಸೇರಿಕೊಂಡಿದೆ. ವಾಕ್ಯವನ್ನು ಮತ್ತೆ ಬರೆಯಿರಿ.

ಹಂತ 6: ಮುಂಗಡ ಕೇಳುವುದು

ಗೆಳೆಯರ ಗುಂಪಿಗೆ ಪ್ರಶ್ನಾವಳಿ ಕಳುಹಿಸಿ ಅಭಿಪ್ರಾಯ ಕೇಳುವ ಅಡ್ಡದಾರಿ ಬೇಡ. ಎಲ್ಲರೂ ‘ಚೆನ್ನಾಗಿದೆ’ ಎನ್ನುತ್ತಾರೆ. ನೆಂಟರಲ್ಲದ ಹತ್ತು ಮಂದಿಯನ್ನು ಎದುರಿಗೆ ಕಂಡು, ದಿನಾಂಕ ಹೇಳಿ, ಸಣ್ಣ ಮೊತ್ತವಾದರೂ ಸರಿ, ಮುಂಗಡ ಕೇಳಿ. ಮೂವರು ಕೊಟ್ಟರೆ ಮುಂದುವರಿಯಬಹುದು. ಯಾರೂ ಕೊಡದಿದ್ದರೆ ಗೊಣಗಾಟದ ಪುಟಗಳಿಗೆ ಮರಳಿ, ಕೊನೆಯ ಅಂಕಣವನ್ನು ಇನ್ನೊಮ್ಮೆ ಓದಿ. ಇದಕ್ಕೆ ಮೊದಲು ಹೆಸರು, ಲಾಂಛನ, ವಿಸಿಟಿಂಗ್ ಕಾರ್ಡು ಯಾವುದಕ್ಕೂ ಹಣ ಹಾಕಬೇಡಿ. ಒಂದೇ ದಿನದಲ್ಲಿ ಉದ್ಯಮದ ಯೋಚನೆ ಹುಟ್ಟಿಸುತ್ತೇವೆಂದು ಶುಲ್ಕ ಕೇಳುವ ಶಿಬಿರಗಳಿಂದ ದೂರವಿರಿ. ಅಲ್ಲಿ ಕೊಡುವ ಪಟ್ಟಿ ನಿಮ್ಮ ಪಕ್ಕದಲ್ಲಿ ಕೂತವರಿಗೂ ಸಿಕ್ಕಿರುತ್ತದೆ. ಮುಂದೆ ನೋಂದಣಿ ಬೇಕಾದಾಗ, ಉದ್ಯಮ್ ನೋಂದಣಿ ಸರ್ಕಾರದ udyamregistration.gov.in ತಾಣದಲ್ಲಿ ಉಚಿತವಾಗಿ ಆಗುತ್ತದೆ. ಅದೇ ಹೆಸರನ್ನು ಹೋಲುವ ಖಾಸಗಿ ತಾಣಗಳು ಶುಲ್ಕ ಕೇಳುತ್ತವೆ, ಕೊಡಬೇಕಾಗಿಲ್ಲ.

ಇಲ್ಲ ಎಂದವರ ಕಾರಣಗಳನ್ನೂ ಅದೇ ಪುಸ್ತಕದಲ್ಲಿ, ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ಧಾರವಾಡದವರಿಗೆ ಒಂದು ಮಂಡಳಿಯವರು, ವರ್ಷಕ್ಕೆ ಒಮ್ಮೆ ಮಾತ್ರ ಬಂದರೆ ಸಾಲದು, ಮಳೆಗಾಲ ಮುಗಿದ ಮೇಲೂ ಬಂದು ನೋಡುವುದಾದರೆ ಕೊಡುತ್ತೇವೆ ಎಂದರು. ಅದನ್ನು ಅವರು ಒಪ್ಪಿದರು, ಏಕೆಂದರೆ ಕೆಲಸವೆಲ್ಲ ಎರಡು ತಿಂಗಳಿಗೇ ಸೇರಿಕೊಳ್ಳುವುದು ಈ ಉದ್ಯಮದ ದೊಡ್ಡ ಕೊರತೆಯಾಗಿತ್ತು. ದಸರೆಯ ನಂತರದ ಭೇಟಿಯಿಂದಲೂ, ಸಂಗೀತ ಪರೀಕ್ಷೆಗಳಿಗೆ ಮೊದಲು ಪಾಠಶಾಲೆಗಳ ಪೇಟಿಗಳನ್ನು ನೋಡುವುದರಿಂದಲೂ ಅದು ಸ್ವಲ್ಪ ತುಂಬಿತು. ಇನ್ನೊಂದು ಮಂಡಳಿಯವರು ತಬಲಾವನ್ನೂ ಜೊತೆಗೇ ಸರಿಮಾಡಿಕೊಡಿ ಎಂದು ಕೇಳಿದರು. ತಬಲಾದ ಚರ್ಮ ಕಟ್ಟುವುದು, ಕರಣೆ ಹಾಕುವುದು ಬೇರೆಯೇ ಕಸುಬು. ಅದರ ಕೈ ತಮಗಿಲ್ಲವೆಂದು ಹೇಳಿ, ಆ ಕೆಲಸ ಬಲ್ಲವರ ವಿಳಾಸ ಬರೆದುಕೊಟ್ಟು, ಪೇಟಿಗೆ ಮಾತ್ರ ಮುಂಗಡ ತೆಗೆದುಕೊಂಡರು.