ಒಂದು ‘ಎಚ್’ ಅಕ್ಷರ ಮತ್ತು ನನ್ನ ಹೊಸ ಹೆಸರು

ಮದುವೆಗೆ ಮೊದಲು ನನಗೆ ಮೂರು ಹೆಸರುಗಳಿದ್ದವು. ನನಗೇ ಗೊತ್ತಿರಲಿಲ್ಲ. ಅಂಕಪಟ್ಟಿಯಲ್ಲಿ SAVITHA K N, ಆಧಾರ್‌ನಲ್ಲಿ Savita Nagaraj, ಪ್ಯಾನ್‌ನಲ್ಲಿ SAVITHA NAGARAJ. ಕಾಲೇಜಿನಲ್ಲಿದ್ದಾಗ ತೆರೆದ ಉಳಿತಾಯ ಖಾತೆ ಅಂಕಪಟ್ಟಿಯ ದಾರಿಯನ್ನೇ ಹಿಡಿದಿತ್ತು. ಕೆ ಎಂದರೆ ಊರು, ಎನ್ ಎಂದರೆ ಅಪ್ಪ ನಾಗರಾಜ್. ಪ್ಯಾನ್ ಅರ್ಜಿಯಲ್ಲಿ ಹೆಸರಿಗೂ ಕೊನೆಯ ಹೆಸರಿಗೂ ಇನಿಷಿಯಲ್ ಬರೆಯಲು ಬಿಡುವುದಿಲ್ಲ. ಹಾಗಾಗಿ ಅಪ್ಪನ ಹೆಸರು ಅಲ್ಲಿ ಸರ್‌ನೇಮ್ ಆಗಿಬಿಟ್ಟಿತ್ತು. ಸರ್‌ನೇಮ್ ಎಂಬುದೇ ಇಲ್ಲದ ಮನೆಗಳ ನಮ್ಮಂಥವರಿಗೆಲ್ಲ ಆಗಿರುವುದು ಇದೇ. ಆಧಾರ್‌ನಲ್ಲಿ ‘ಎಚ್’ ಏಕೆ ಬಿದ್ದುಹೋಯಿತೋ ತಿಳಿಯದು. ‘ತ’ಕಾರಕ್ಕೆ ನಾವು th ಬರೆಯುತ್ತೇವೆ, ಬೇರೆ ಕಡೆಯವರು t ಬರೆಯುತ್ತಾರೆ. ನೋಂದಣಿಗೆ ಕೂತವರು ಯಾವ ರೂಢಿಯವರೋ!

ಇಷ್ಟು ವರ್ಷ ಇದರಿಂದ ಏನೂ ಕೆಟ್ಟಿರಲಿಲ್ಲ. ಆಧಾರ್–ಪ್ಯಾನ್ ಜೋಡಣೆ ಕೂಡ ಒಟಿಪಿ ಕೊಟ್ಟಾಗ ಆಗಿಹೋಗಿತ್ತು. ಸಂಬಳ ತಿಂಗಳು ತಿಂಗಳು ಬರುತ್ತಿತ್ತು. ಏಕೆ ಬರುತ್ತಿತ್ತು ಎಂದು ಈಗ ಅರ್ಥವಾಗಿದೆ. ನೆಫ್ಟ್‌ನಲ್ಲಿ ಹಣ ಜಮಾ ಆಗುವುದು ಖಾತೆ ಸಂಖ್ಯೆಯನ್ನು ನೋಡಿ, ಹೆಸರನ್ನು ನೋಡಿ ಅಲ್ಲ. ಹಣ ಬರುತ್ತಿದೆ ಎಂದರೆ ದಾಖಲೆ ಸರಿಯಾಗಿದೆ ಎಂದು ನಾವು ಅಂದುಕೊಳ್ಳುತ್ತೇವೆ. ಎರಡಕ್ಕೂ ಸಂಬಂಧವೇ ಇಲ್ಲ.

ಮದುವೆಯಾದ ಮೇಲೆ ಗಂಡನ ಕುಲನಾಮ ಸೇರಿಸಿಕೊಳ್ಳಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಬೇಡವೆನ್ನುವವರು ಏನನ್ನೂ ಮಾಡಿಸದೆ ನೆಮ್ಮದಿಯಾಗಿರಬಹುದು. ನನಗೆ ಬೇಕೆನಿಸಿತು, Savitha Hegde ಆಗಬೇಕೆಂದು ನಿರ್ಧರಿಸಿದೆ. ಅದಕ್ಕೆ ತಕ್ಷಣದ ಕಾರಣ ಒಂದು ಚೆಕ್. ಯಜಮಾನರ ಸೋದರಮಾವ ಉಡುಗೊರೆಯಾಗಿ ಕೊಟ್ಟಿದ್ದ ಚೆಕ್ಕಿನ ಮೇಲೆ ಪ್ರೀತಿಯಿಂದ Savitha Hegde ಎಂದೇ ಬರೆದಿದ್ದರು. ಆ ಹೆಸರಿನ ಖಾತೆ ನನ್ನ ಬಳಿ ಇರಲಿಲ್ಲ. ಚೆಕ್ಕಿಗೆ ಆಯುಸ್ಸು ಮೂರು ತಿಂಗಳು.

ಆ ಅವಸರದಲ್ಲಿ ನಾನು ಮೊದಲು ಬ್ಯಾಂಕಿಗೆ ಹೋದೆ. ತಪ್ಪಾದದ್ದು ಅಲ್ಲೇ.

ವಿಚಿತ್ರವೆಂದರೆ ಬ್ಯಾಂಕಿನವರು ತಕರಾರಿಲ್ಲದೆ ಮಾಡಿಕೊಟ್ಟರು. ಆಧಾರ್‌ನಲ್ಲಿ ಇನ್ನೂ ಹಳೆಯ ಹೆಸರಿದೆ ಎಂದು ಹಿಂಜರಿಯುತ್ತಲೇ ಹೇಳಿದೆ. ಆ ಅಧಿಕಾರಿ ನಿಯಮ ಬಲ್ಲವರು. ರಿಸರ್ವ್ ಬ್ಯಾಂಕಿನ ಕೆವೈಸಿ ನಿರ್ದೇಶನದ ಪ್ರಕಾರ, ಗುರುತಿನ ದಾಖಲೆ ನಮ್ಮ ಕೈಗೆ ಬಂದ ನಂತರ ಹೆಸರು ಬದಲಾಗಿದ್ದರೂ ರಾಜ್ಯ ಸರ್ಕಾರ ಕೊಟ್ಟ ವಿವಾಹ ನೋಂದಣಿ ಪ್ರಮಾಣಪತ್ರ ಅಥವಾ ಗೆಜೆಟ್ ಪ್ರಕಟಣೆ ಜೊತೆಗಿದ್ದರೆ ಆ ದಾಖಲೆಯನ್ನು ಒಪ್ಪಬಹುದು. ಕಲ್ಯಾಣ ಮಂಟಪದವರು ಕೊಡುವ ಪತ್ರ ಇದಕ್ಕೆ ನಡೆಯುವುದಿಲ್ಲ. ನನ್ನ ಬಳಿ ನೋಂದಣಿ ಪ್ರಮಾಣಪತ್ರವಿತ್ತು. ಅದರಲ್ಲೂ ಒಂದು ಕಂಟಕ ಸ್ವಲ್ಪದರಲ್ಲಿ ತಪ್ಪಿತ್ತು. ಸಹಿ ಮಾಡುವ ಮೊದಲು ಕರಡನ್ನು ಓದಿದಾಗ ಯಜಮಾನರ ಹೆಸರು HEGADE ಎಂದಿತ್ತು, ಅವರ ಆಧಾರ್‌ನಲ್ಲಿ HEGDE. ಅಲ್ಲೇ ತಿದ್ದಿಸಿದೆವು. ಆ ಒಂದು ‘ಎ’ ಹಾಗೆಯೇ ಉಳಿದಿದ್ದರೆ ಮುಂದಿನ ಪ್ರತಿ ಕೌಂಟರಿನಲ್ಲೂ ನನ್ನ ಬೆನ್ನು ಹತ್ತುತ್ತಿತ್ತು.

ಬ್ಯಾಂಕಿನಲ್ಲಿ ಹೆಸರು ಬದಲಾಯಿತು, ಚೆಕ್ ಪಾಸಾಯಿತು, ನಾನು ಗೆದ್ದೆನೆಂದುಕೊಂಡೆ. ಆ ವರ್ಷ ಆದಾಯ ತೆರಿಗೆಯಲ್ಲಿ 6,420 ರೂಪಾಯಿ ಹಿಂದಿರುಗಿ ಬರಬೇಕಿತ್ತು. ಬರಲಿಲ್ಲ. ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ರಿಫಂಡ್ ಪಡೆಯುವ ಖಾತೆಯನ್ನು ಮೊದಲೇ ದೃಢೀಕರಿಸಬೇಕು. ಆ ದೃಢೀಕರಣ ಪ್ಯಾನ್‌ನಲ್ಲಿರುವ ಹೆಸರನ್ನೂ ಖಾತೆಯ ಹೆಸರನ್ನೂ ಹೋಲಿಸುತ್ತದೆ. ಒಂದು ಕಡೆ NAGARAJ, ಇನ್ನೊಂದು ಕಡೆ HEGDE. ಬ್ಯಾಂಕಿನ ಅಧಿಕಾರಿ ಮದುವೆಯ ಪ್ರಮಾಣಪತ್ರ ನೋಡಿ ತಲೆಯಾಡಿಸಿದ್ದರು, ಕಂಪ್ಯೂಟರಿಗೆ ನನ್ನ ಮದುವೆಯ ಸುದ್ದಿ ತಲುಪಿರಲಿಲ್ಲ. ಮನುಷ್ಯರು ಹೆಸರನ್ನು ಓದಿ ಅರ್ಥ ಮಾಡಿಕೊಳ್ಳುತ್ತಾರೆ, ಯಂತ್ರ ಅಕ್ಷರಗಳನ್ನು ಒಂದೊಂದಾಗಿ ಜೋಡಿಸಿ ನೋಡುತ್ತದೆ. ದಾಖಲೆಗಳೆಲ್ಲ ಒಂದೇ ತರಹ ಇರಬೇಕೆನ್ನುವುದು ಈ ಎರಡನೆಯ ಬಗೆಯ ಓದುಗನಿಗಾಗಿ.

ಸರಿ, ಪ್ಯಾನ್ ತಿದ್ದಿಸೋಣವೆಂದು ಕೂತೆ. ಕಾಗದವಿಲ್ಲದೆ ಆಧಾರ್ ಆಧಾರಿತ ಇ-ಕೆವೈಸಿಯಲ್ಲಿ ಮಾಡಬಹುದಿತ್ತು. ಆದರೆ ಆ ದಾರಿಯಲ್ಲಿ ಪ್ಯಾನ್‌ಗೆ ಬೇಕೆನ್ನುವ ಹೆಸರು ಆಧಾರ್‌ನಲ್ಲಿ ಮೊದಲೇ ಇರಬೇಕು. ನನ್ನ ಆಧಾರ್‌ನಲ್ಲಿ HEGDE ಇಲ್ಲ, ಸಾಲದ್ದಕ್ಕೆ ‘ಎಚ್’ ಕೂಡ ಇಲ್ಲ. ಹೀಗೆ ಹಿಂದೆ ಹಿಂದೆ ನಡೆದು, ಮೊದಲು ಹೋಗಬೇಕಾಗಿದ್ದ ಜಾಗಕ್ಕೆ ಕೊನೆಗೆ ತಲುಪಿದೆ.

ಆಧಾರ್ ಕೇಂದ್ರಕ್ಕೆ ಹೋಗುವ ಮೊದಲಿನ ರಾತ್ರಿ ಒಂದು ಹಾಳೆಯಲ್ಲಿ ದಪ್ಪ ಅಕ್ಷರಗಳಲ್ಲಿ SAVITHA HEGDE ಎಂದು ಬರೆದುಕೊಂಡೆ. ಇನಿಷಿಯಲ್ ಇಲ್ಲ, ಚುಕ್ಕೆ ಇಲ್ಲ. ಮನೆಯಲ್ಲಿ ಚರ್ಚೆಯಾಗದೆ ಇರಲಿಲ್ಲ. ಎನ್ ಅಕ್ಷರವನ್ನಾದರೂ ನಡುವೆ ಇಟ್ಟುಕೊಳ್ಳಬಾರದೇ ಎಂದು ಅಮ್ಮ ಕೇಳಿದರು. ಇಡಬಹುದಿತ್ತು. ಆದರೆ ಒಂದು ಕಡೆ ಎನ್, ಇನ್ನೊಂದು ಕಡೆ ಅದನ್ನೇ ಬಿಡಿಸಿ ನಾಗರಾಜ್, ಮತ್ತೊಂದು ಕಡೆ ಚುಕ್ಕೆ ಸಹಿತ ಎನ್ ಎಂದಾಗಿ ಅದೇ ಹಳೆಯ ಕಥೆ ಮತ್ತೆ ಶುರುವಾಗುತ್ತಿತ್ತು.

ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡೇ ಸಲ ಬದಲಿಸಲು ಅವಕಾಶ. ಈಗ ಕಾಗುಣಿತ, ಮುಂದಿನ ತಿಂಗಳು ಕುಲನಾಮ ಎಂದು ಬಿಡಿಬಿಡಿಯಾಗಿ ಹೋದರೆ ಎರಡೂ ಮುಗಿದಂತೆ. ಆದ್ದರಿಂದ ‘ಎಚ್’ ಮತ್ತು ‘ಹೆಗ್ಡೆ’ ಎರಡನ್ನೂ ಒಂದೇ ಅರ್ಜಿಯಲ್ಲಿ ಹಾಕಿದೆ. ವಿವಾಹ ಪ್ರಮಾಣಪತ್ರದ ಮೂಲಪ್ರತಿಯನ್ನು ಸ್ಕ್ಯಾನ್ ಮಾಡಿಕೊಂಡರು. ನಂತರ ಅರ್ಜಿದಾರರ ಕಡೆಗಿಟ್ಟ ಪರದೆಯಲ್ಲಿ ಹೆಸರು ಮೂಡಿತು. ಇಂಗ್ಲಿಷಿನಲ್ಲಿ ಸರಿಯಾಗಿತ್ತು. ಕೆಳಗೆ ಕನ್ನಡದಲ್ಲಿ ‘ಸವಿಥ ಹೆಗ್ದೆ’! ಇಂಗ್ಲಿಷ್ ಅಕ್ಷರಗಳನ್ನು ನೋಡಿ ಯಂತ್ರವೇ ಕನ್ನಡಕ್ಕೆ ತಿರುಗಿಸುತ್ತದೆ, ನಮ್ಮ th ಅದಕ್ಕೆ ‘ಥ’ ಆಗಿಬಿಟ್ಟಿತ್ತು.

“ಕನ್ನಡ ಯಾರು ನೋಡುತ್ತಾರೆ ಮೇಡಂ, ಇಂಗ್ಲಿಷ್ ಸರಿ ಇದ್ದರೆ ಸಾಕು” ಎಂದ ಆ ಹುಡುಗ.

“ನಾನು ನೋಡುತ್ತೇನಲ್ಲಪ್ಪ” ಎಂದೆ. ನಕ್ಕು, ಕೀಲಿಮಣೆಯಲ್ಲಿ ಹುಡುಕಿ ಹುಡುಕಿ ‘ಸವಿತಾ ಹೆಗ್ಡೆ’ ಎಂದು ತಿದ್ದಿದ. ಎರಡು ನಿಮಿಷದ ಕೆಲಸ. ಅಲ್ಲಿ ಬಿಟ್ಟಿದ್ದರೆ ಆ ತಪ್ಪು ತಿದ್ದಲು ನನ್ನ ಎರಡನೆಯ ಅವಕಾಶವೇ ಖರ್ಚಾಗಬಹುದಿತ್ತು.

ಸ್ವೀಕೃತಿ ಚೀಟಿಯಲ್ಲಿರುವ ಸಂಖ್ಯೆಯನ್ನು ಹಾಕಿ ಅರ್ಜಿಯ ಸ್ಥಿತಿ ನೋಡುತ್ತಾ ಬಂದೆ. ಸುಮಾರು ಎರಡು ವಾರಕ್ಕೆ ಹೊಸ ಹೆಸರಿನ ಇ-ಆಧಾರ್ ಸಿಕ್ಕಿತು.

ಅಲ್ಲಿಂದಾಚೆಗೆ ಪ್ಯಾನ್ ನೀರು ಕುಡಿದಷ್ಟು ಸುಲಭವಾಯಿತು. ಹೊಸ ಪ್ಯಾನ್‌ಗೆ ಅರ್ಜಿ ಹಾಕಬಾರದು, ಇರುವುದರಲ್ಲೇ ಬದಲಾವಣೆ ಕೇಳಬೇಕು. ಸಂಖ್ಯೆ ಅದೇ ಇರುತ್ತದೆ, ಹೆಸರು ಮಾತ್ರ ಬದಲಾಗುತ್ತದೆ. ನಮೂನೆಯಲ್ಲಿ ಯಾವುದು ಬದಲಾಗಬೇಕೋ ಅದರ ಎಡಗಡೆಯ ಚೌಕದಲ್ಲಿ ಗುರುತು ಹಾಕಬೇಕು. ಹೆಸರನ್ನು ಸರಿಯಾಗಿ ತುಂಬಿಸಿ ಗುರುತು ಹಾಕುವುದನ್ನು ಮರೆತ ನನ್ನ ಸಹೋದ್ಯೋಗಿಗೆ ಹಳೆಯ ಹೆಸರಿನ ಕಾರ್ಡೇ ಮತ್ತೆ ಮನೆಗೆ ಬಂದಿತ್ತು. ತಂದೆಯ ಹೆಸರಿನ ಜಾಗದಲ್ಲಿ ಗಂಡನ ಹೆಸರು ಬರೆಯುವುದು ಇನ್ನೊಂದು ಸಾಮಾನ್ಯ ತಪ್ಪು. ಮದುವೆಯಾದವರೂ ಅಲ್ಲಿ ತಂದೆಯ ಹೆಸರನ್ನೇ ಬರೆಯಬೇಕು. ನಾನು ಮಾಡಿಸಿದಾಗ ಕಾಗದದ ಅರ್ಜಿ ಹಾಕುವವರು ಪುರಾವೆಯಾಗಿ ಮದುವೆಯ ಆಮಂತ್ರಣ ಪತ್ರಿಕೆಯನ್ನೂ ಕೊಡಬಹುದಿತ್ತು. ಬ್ಯಾಂಕಿನಲ್ಲಿ ನಡೆಯದ ಲಗ್ನಪತ್ರಿಕೆ ಪ್ಯಾನ್‌ಗೆ ನಡೆಯುತ್ತಿತ್ತೆಂಬುದು ನನಗಂತೂ ಸೋಜಿಗ.

ಪ್ಯಾನ್ ಬಂದ ಮೇಲೆ ಪೋರ್ಟಲ್‌ನಲ್ಲಿ ಖಾತೆಯನ್ನು ಮತ್ತೆ ದೃಢೀಕರಣಕ್ಕೆ ಹಾಕಿದೆ. ಈ ಸಲ ಒಪ್ಪಿತು. ರಿಫಂಡ್ ಮರುಬಿಡುಗಡೆಗೆ ಅಲ್ಲೇ ಕೋರಿಕೆ ಸಲ್ಲಿಸಿದೆ. 6,420 ರೂಪಾಯಿ ಬಂತು.

ಇಷ್ಟಾದರೂ ಬ್ಯಾಂಕಿನ ಕೆಲಸ ಮುಗಿದಿರಲಿಲ್ಲ. ಹೊಸ ಆಧಾರ್, ಪ್ಯಾನ್ ಎರಡರ ಪ್ರತಿಗಳಿಗೂ ಸಹಿ ಹಾಕಿ ಮತ್ತೆ ಶಾಖೆಗೆ ಹೋದೆ, ಅವರ ಕಡತದಲ್ಲಿ ಹಳೆಯ ಹೆಸರಿನ ಕೆವೈಸಿ ಪತ್ರಗಳೇ ಇದ್ದವಲ್ಲ. ಮೊದಲ ಸಲ ಬದಲಾವಣೆ ಆಗಿದ್ದು ಗ್ರಾಹಕ ಸಂಖ್ಯೆಯ ಮಟ್ಟದಲ್ಲಿ. ಅದರ ಕೆಳಗಿರುವ ಉಳಿತಾಯ ಖಾತೆ, ಆರ್‌ಡಿ ಎಲ್ಲದಕ್ಕೂ ಹೊಸ ಹೆಸರು ಹರಿದು ಬಂದಿತ್ತು. ಆದರೆ ಆಗಲೇ ಅಚ್ಚಾದ ವಸ್ತುಗಳು ತಾವಾಗಿ ಬದಲಾಗುವುದಿಲ್ಲ. ಚೆಕ್ ಪುಸ್ತಕ, ಡೆಬಿಟ್ ಕಾರ್ಡ್, ಠೇವಣಿ ರಸೀದಿ ಎಲ್ಲದರ ಮೇಲೂ SAVITHA K N ಹಾಗೆಯೇ ಕೂತಿತ್ತು. ಒಂದೊಂದಕ್ಕೂ ಬೇರೆ ಬೇರೆಯಾಗಿ ಕೇಳಿ ಪಡೆಯಬೇಕಾಯಿತು.

ಸಹಿಯ ವಿಷಯದಲ್ಲಿ ಮಾತ್ರ ನಾನು ಜಾಣತನ ತೋರಿಸಿದೆನೆಂದು ಹೇಳಿಕೊಳ್ಳುತ್ತೇನೆ. ಹೆಸರು ಬದಲಾದರೆ ಸಹಿಯೂ ಬದಲಾಗಬೇಕೆಂದು ಹಲವರು ತಿಳಿದಿದ್ದಾರೆ, ಅರ್ಜಿಯಲ್ಲಿ ಹೊಸ ಮಾದರಿ ಸಹಿಗೆ ಜಾಗವೂ ಇರುತ್ತದೆ. ನನ್ನ ಸಹಿಯಲ್ಲಿ ಇರುವುದು ‘ಸವಿತಾ’ ಅಷ್ಟೇ, ಇನಿಷಿಯಲ್ ಇಲ್ಲ. ಅದನ್ನೇ ಉಳಿಸಿಕೊಂಡೆ. ಕಾರಣವಿತ್ತು. ಬಾಡಿಗೆ ಮನೆಯ ಮಾಲೀಕರ ಬಳಿ ನಾನು ಮುಂದಿನ ತಾರೀಕು ಹಾಕಿ ಕೊಟ್ಟಿದ್ದ ಎರಡು ಚೆಕ್‌ಗಳಿದ್ದವು. ಸಹಿ ಬದಲಿಸಿದ್ದರೆ ಅವು ಸಹಿ ಹೊಂದುತ್ತಿಲ್ಲವೆಂದು ವಾಪಸಾಗುತ್ತಿದ್ದವು. ಸಹಿ ಬದಲಿಸಲೇಬೇಕೆನ್ನುವವರು ಹೊರಗಿರುವ ಚೆಕ್‌ಗಳೆಲ್ಲ ಪಾಸಾಗುವವರೆಗೆ ಕಾಯುವುದು ಒಳ್ಳೆಯದು.

ಕೊನೆಗೆ ಉಳಿದದ್ದು ಯಾರಿಗೂ ಬೇಗ ಹೊಳೆಯದ ಜಾಗ. ಅಮ್ಮನ ಠೇವಣಿಗೆ ನಾಮಿನಿ ನಾನೇ, ಆದರೆ ಅಲ್ಲಿರುವುದು ಹಳೆಯ ಹೆಸರು. ಅದು ಅವರ ಖಾತೆಯಾದ್ದರಿಂದ ನನ್ನ ಅರ್ಜಿಯಿಂದ ಬದಲಾಗದು. ಅವರೇ ಹೊಸದಾಗಿ ನಾಮನಿರ್ದೇಶನ ಬರೆದುಕೊಡಬೇಕು. ಇಬ್ಬರೂ ಹೋದೆವು. ಅಮ್ಮ ನಿಧಾನವಾಗಿ ನನ್ನ ಹೊಸ ಹೆಸರನ್ನು ಬರೆದು, ಪೆನ್ನು ಎತ್ತಿ ಹಿಡಿದು, “ಹಾಗಾದರೆ ನಿಮ್ಮ ಅಪ್ಪನ ಹೆಸರು ಎಲ್ಲ ಕಡೆಯಿಂದಲೂ ಹೋದ ಹಾಗೆಯೇ?” ಎಂದರು.

ಪರ್ಸಿನಿಂದ ಪ್ಯಾನ್ ಕಾರ್ಡ್ ತೆಗೆದು ಅವರ ಮುಂದಿಟ್ಟೆ. ಕನ್ನಡಕ ಸರಿಮಾಡಿಕೊಂಡು ಎರಡನೆಯ ಸಾಲನ್ನು ಓದಿದರು. ಆಮೇಲೆ ನಮೂನೆಯ ಉಳಿದ ಭಾಗವನ್ನು ತುಂಬಿಸಿದರು.