ವಿಡಿಯೊ ಕಾಲ್‌ಗೆ ಮುಂಚೆ ಅಪ್ಪಾಜಿಗೊಂದು ಚೀಟಿ

ದಾವಣಗೆರೆಯ ಮನೆಯಲ್ಲಿ ಅಪ್ಪಾಜಿ ಒಬ್ಬರೇ. ಭಾನುವಾರ ಸಂಜೆ 7ಕ್ಕೆ ಮೊಮ್ಮಗಳ ವಿಡಿಯೊ ಕಾಲ್. ಆರೂವರೆಗೆ ಕರೆಂಟ್ ಹೋಗಿ ಬಂದರೆ ಮುಗೀತು, ಕಾಲ್ ಹತ್ತುವುದೇ ಇಲ್ಲ. ಆಗ ಫೋನಿನಲ್ಲಿ ‘ಸೆಟ್ಟಿಂಗ್ಸ್‌ಗೆ ಹೋಗಿ’ ಅಂತ ಹೇಳಿಕೊಡಲು ಹೊರಟರೆ ಇಬ್ಬರಿಗೂ ತಲೆಬಿಸಿ. ಊರಿಗೆ ಹೋದಾಗಲೇ ದಪ್ಪ ಅಕ್ಷರದಲ್ಲಿ ಒಂದು ಚೀಟಿ ಬರೆದು ರೌಟರ್ ಪಕ್ಕ ಅಂಟಿಸಿ ಬನ್ನಿ. ಆಂಡ್ರಾಯ್ಡ್ ಫೋನಿಗೆ ಹೀಗೆ ಬರೆಯಬಹುದು:

‘ಅಪ್ಪಾಜಿ, ಕಾಲ್‌ಗೆ 15 ನಿಮಿಷ ಮುಂಚೆ ಶುರು ಮಾಡಿ. ಮೊದಲು ರೌಟರ್ ನೋಡಿ. ಕರೆಂಟ್ ಈಗಷ್ಟೇ ಬಂದಿದ್ದರೆ 5 ನಿಮಿಷ ಸುಮ್ನೆ ಬಿಡಿ. LOS ಅಂತ ಬರೆದಿರುವ ಕಡೆ ಕೆಂಪು ದೀಪ ಇರಬಾರದು.

ಆಮೇಲೆ ಫೋನ್. ಪಕ್ಕದ ಪವರ್ ಬಟನ್ ಮತ್ತು ಸೌಂಡ್ ಜಾಸ್ತಿ ಮಾಡುವ ಬಟನ್ ಎರಡನ್ನೂ ಒಟ್ಟಿಗೆ ಒತ್ತಿ ಹಿಡಿಯಿರಿ. Restart ಅಂತ ಬಂದ ಮೇಲೆ ಕೈ ಬಿಟ್ಟು, ಅದನ್ನು ಮುಟ್ಟಿ. ಫೋನ್ ಕಪ್ಪಾಗುತ್ತದೆ, ಗಾಬರಿ ಬೇಡ. ತಾನೇ ಆನ್ ಆಗುತ್ತದೆ. ಆನ್ ಆದಾಗ ಬೆರಳಿಟ್ಟರೆ ತೆಗೆಯುವುದಿಲ್ಲ, ನಂಬರ್ ಒತ್ತಬೇಕು.

ಈಗ ಸ್ಕ್ರೀನಿನ ಮೇಲ್ತುದಿಯಿಂದ ಬೆರಳನ್ನು ಕೆಳಗೆ ಎಳೆಯಿರಿ. ಬೀಸಣಿಗೆ ಆಕಾರದ ಗುರುತಿಗೆ ಬಣ್ಣ ಇದ್ದರೆ ವೈಫೈ ಆನ್ ಇದೆ. ಬಣ್ಣ ಇಲ್ಲದಿದ್ದರೆ ಒಂದು ಸಲ ಮುಟ್ಟಿ, ಅರ್ಧ ನಿಮಿಷ ಕಾಯಿರಿ. ಏರೋಪ್ಲೇನ್ ಗುರುತಿಗೆ ಬಣ್ಣ ಇದ್ದರೆ ಅದನ್ನು ಮುಟ್ಟಿ ಆಫ್ ಮಾಡಿ.’

ಚೀಟಿ ಇಷ್ಟೇ ಸಾಕು. ಆದರೆ ಬರೆಯುವ ಮುಂಚೆ ಅವರ ಫೋನಿನಲ್ಲೇ ಮಾಡಿ ನೋಡಿ. ಕೆಲವು ಫೋನ್‌ಗಳಲ್ಲಿ ಪವರ್ ಬಟನ್ ಒಂದೇ ಒತ್ತಿದರೂ Restart ಬರುತ್ತದೆ. ಫೋನಿನ ಭಾಷೆ ಕನ್ನಡ ಆಗಿದ್ದರೆ ಸ್ಕ್ರೀನಿನಲ್ಲಿ ಕಾಣುವ ಕನ್ನಡ ಪದವನ್ನೇ ಬರೆಯಿರಿ. ಬೆರಳಿನ ಮಾತನ್ನಂತೂ ಬಿಡಬೇಡಿ. ದಿನಾ ಬೆರಳಿಟ್ಟು ತೆಗೆಯುವವರಿಗೆ ನಂಬರ್ ಮರೆತೇ ಹೋಗಿರುತ್ತದೆ. ರೀಸ್ಟಾರ್ಟ್ ಮಾಡಿದ ಮೇಲೆ ಸಿಕ್ಕಿಬೀಳುವುದು ಅಲ್ಲೇ. ಹಾಗಂತ ನಂಬರನ್ನು ಗೋಡೆಗೆ ಅಂಟಿಸಬೇಡಿ, ಅವರ ಡೈರಿಯಲ್ಲಿ ಬರೆದಿಡಿ.

ವೈಫೈ ಗುರುತಿನ ಪಕ್ಕ ಆಶ್ಚರ್ಯಸೂಚಕ ಚಿಹ್ನೆ ಕಂಡರೆ, ಫೋನಿಗೆ ರೌಟರ್ ಸಿಕ್ಕಿದೆ, ರೌಟರ್‌ಗೆ ಇಂಟರ್ನೆಟ್ ಸಿಕ್ಕಿಲ್ಲ ಅಂತ. ಆಗ ಫೋನನ್ನು ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಅಷ್ಟೇ. ರೌಟರ್ ಸ್ವಿಚ್ ಆರಿಸಿ, ಮೂವತ್ತರವರೆಗೆ ಎಣಿಸಿ ಮತ್ತೆ ಹಾಕಲಿ. LOS ದೀಪ ಕೆಂಪಗೆ ಮಿಣುಕುತ್ತಲೇ ಇದ್ದರೆ ಫೈಬರ್ ಕೇಬಲ್ ಸಡಿಲ ಆಗಿರಬಹುದು, ಇಲ್ಲವೇ ಹೊರಗೆಲ್ಲೋ ತುಂಡಾಗಿರಬಹುದು. ಅದು ಕೇಬಲ್‌ನವರು ಬಂದು ನೋಡುವ ಕೆಲಸ. ಅವತ್ತಿಗೆ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ಮಾತಾಡಿದರಾಯಿತು.

ಚೀಟಿಯ ಕೊನೆಗೆ ಕೆಂಪು ಇಂಕಿನಲ್ಲಿ ಇನ್ನೊಂದು ಸಾಲು ಸೇರಿಸಿ: ‘Forget ಅಂತ ಕಂಡರೆ ಮುಟ್ಟಬೇಡಿ.’ ಮುಟ್ಟಿದರೆ ಫೋನ್ ವೈಫೈ ಪಾಸ್‌ವರ್ಡನ್ನೇ ಮರೆತುಬಿಡುತ್ತದೆ, ದೊಡ್ಡಕ್ಷರ ಚಿಕ್ಕಕ್ಷರ ನೋಡಿಕೊಂಡು ಮತ್ತೆ ಹೊಡೆಯಬೇಕಾಗುತ್ತದೆ. ಪಾಸ್‌ವರ್ಡ್ ಬದಲಾಯಿಸಿಲ್ಲದಿದ್ದರೆ ಸಾಮಾನ್ಯವಾಗಿ ರೌಟರ್ ತಳದ ಸ್ಟಿಕ್ಕರ್‌ನಲ್ಲಿ ಇರುತ್ತದೆ, ಆದರೆ ಆ ಅಕ್ಷರ ಕನ್ನಡಕ ಹಾಕಿದರೂ ಕಾಣುವುದು ಕಷ್ಟ.